ಔಷಧ ಚೀಟಿಯಲ್ಲಿನ bd, tds, sos, hs: ಓದುವುದು ಹೇಗೆ, ಎಡವುವುದು ಎಲ್ಲಿ

ಚೀಟಿಯ ಫೋಟೊ ಕಳಿಸಿ "ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ" ಎಂದು ಕೇಳುವವರು ಬಹಳ ಜನ. ಹೆಚ್ಚಿನವರಿಗೆ ಔಷಧದ ಹೆಸರು ಗೊತ್ತಾಗಿರುತ್ತದೆ, ಅದು ಸ್ಟ್ರಿಪ್ಪಿನ ಮೇಲೇ ಅಚ್ಚಾಗಿರುತ್ತದಲ್ಲ. ಸಿಕ್ಕಿಹಾಕಿಕೊಳ್ಳುವುದು ಹೆಸರಿನ ಮುಂದೆ ಗೀಚಿದ ಎರಡು-ಮೂರು ಅಕ್ಷರಗಳಲ್ಲಿ. ಮಾತ್ರೆಯನ್ನು ಎಷ್ಟು ಸಲ, ಯಾವಾಗ ನುಂಗಬೇಕು ಎಂಬುದೆಲ್ಲ ಆ ಅಕ್ಷರಗಳಲ್ಲೇ ಇದೆ. ಅವುಗಳನ್ನು ಬಿಡಿಸಿಕೊಳ್ಳುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ವೈದ್ಯರು ಬರೆದದ್ದನ್ನು ಓದಿಕೊಳ್ಳಲು ಮಾತ್ರ. ಓದಿದ ಮೇಲೂ ಅನುಮಾನ ಉಳಿದರೆ ಊಹೆಯ ಮೇಲೆ ಮಾತ್ರೆ ನುಂಗಬೇಡಿ, ಕೇಳಿ.

ಕುಳಿತುಕೊಳ್ಳುವ ಮುಂಚೆ ಚೀಟಿ, ಅಂಗಡಿಯಲ್ಲಿ ಕೊಟ್ಟ ಎಲ್ಲ ಔಷಧಗಳು, ಬಿಲ್ಲು ಮತ್ತು ಒಂದು ಪೆನ್ನು ಎದುರಿಗಿರಲಿ. ಬಿಲ್ಲು ಯಾಕೆಂದರೆ ಅದರಲ್ಲಿ ಎಷ್ಟು ಮಾತ್ರೆ ಕೊಟ್ಟಿದ್ದಾರೆ ಎಂಬ ಲೆಕ್ಕ ಇರುತ್ತದೆ. ಮುಂದೆ ಅದು ಬೇಕಾಗುತ್ತದೆ.

1. ಒಂದು ಸಾಲನ್ನು ತುಂಡು ಮಾಡಿ

ಇಡೀ ಚೀಟಿಯನ್ನು ಒಟ್ಟಿಗೆ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಒಂದು ಔಷಧಕ್ಕೆ ಒಂದು ಸಾಲು ಎಂದಿಟ್ಟುಕೊಂಡು ಸಾಲು ಸಾಲಾಗಿ ನೋಡಿ. ಕೈಬರಹ ಎಷ್ಟೇ ಕೆಟ್ಟದಾಗಿರಲಿ, ಸಾಲಿನೊಳಗಿನ ಕ್ರಮ ಸಾಮಾನ್ಯವಾಗಿ ಬದಲಾಗುವುದಿಲ್ಲ. ಮೊದಲು ಔಷಧದ ರೂಪ (Tab ಎಂದರೆ ಮಾತ್ರೆ, Cap ಎಂದರೆ ಕ್ಯಾಪ್ಸೂಲ್, Syp ಅಥವಾ Syr ಎಂದರೆ ಸಿರಪ್), ಆಮೇಲೆ ಹೆಸರು, ಆಮೇಲೆ ಶಕ್ತಿ, ಅಂದರೆ ಒಂದು ಮಾತ್ರೆಯಲ್ಲಿ ಔಷಧ ಎಷ್ಟು ಮಿಲಿಗ್ರಾಂ ಇದೆ ಎಂಬುದು. ಅದಾದ ಮೇಲೆ ದಿನಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ, ಕೊನೆಗೆ ಎಷ್ಟು ದಿನ.

ನಮಗೆ ಬೇಕಾದ ಅಕ್ಷರಗಳು ಶಕ್ತಿಯ ಅಂಕಿಯ ಬಲಕ್ಕೆ ಇರುತ್ತವೆ. ಚೀಟಿಯ ಮೇಲ್ಭಾಗದಲ್ಲಿ c/o, h/o ಎಂದೆಲ್ಲ ಕಂಡರೆ ಅದು ನೀವು ಹೇಳಿಕೊಂಡ ತೊಂದರೆ ಮತ್ತು ಹಿಂದಿನ ಕಾಯಿಲೆಗಳ ಟಿಪ್ಪಣಿ. ಅದಕ್ಕೂ ಮಾತ್ರೆ ನುಂಗುವುದಕ್ಕೂ ಸಂಬಂಧವಿಲ್ಲ. ಸೂಚನೆ ಶುರುವಾಗುವುದು Rx ಎಂಬ ಗುರುತಿನ ಕೆಳಗೆ. ಅದು 'ತೆಗೆದುಕೋ' ಎಂಬರ್ಥದ ಲ್ಯಾಟಿನ್ ಪದದ ಗುರುತು.

2. ಎಷ್ಟು ಸಲ: od, bd, tds, qid

ಈ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹೋಗಬೇಡಿ, ಅರ್ಥ ಸಿಗುವುದಿಲ್ಲ. ಎಲ್ಲವೂ ಲ್ಯಾಟಿನ್ನಿನವು. ಇವುಗಳಲ್ಲಿ ಬರುವ d ಎಂದರೆ ದಿನ. ಮೊದಲ ಅಕ್ಷರ ಎಷ್ಟು ಸಲ ಎಂಬುದನ್ನು ಹೇಳುತ್ತದೆ.

od ಎಂದರೆ 'ಓಮ್ನಿ ಡಿಯೆ', ದಿನಕ್ಕೊಮ್ಮೆ. bd ಎಂದರೆ 'ಬಿಸ್ ಡಿಯೆ', ದಿನಕ್ಕೆ ಎರಡು ಸಲ. tds ಎಂದರೆ 'ಟೆರ್ ಡಿಯೆ ಸುಮೆಂಡುಮ್', ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. qid ಅಥವಾ qds ಎಂದರೆ ನಾಲ್ಕು ಸಲ. bd ಬದಲು bid, tds ಬದಲು tid ಎಂದು ಬರೆಯುವವರೂ ಇದ್ದಾರೆ, ಅರ್ಥ ಒಂದೇ. ದೊಡ್ಡಕ್ಷರದಲ್ಲಿ ಬರೆದರೂ, ನಡುವೆ ಚುಕ್ಕಿ ಇಟ್ಟರೂ ಅರ್ಥ ಬದಲಾಗದು. b ಎರಡು, t ಮೂರು, q ನಾಲ್ಕು ಎಂದು ನೆನಪಿಟ್ಟುಕೊಂಡರೆ ಸಾಕು. ಕೆಲವರು ಅಕ್ಷರವನ್ನೇ ಬಿಟ್ಟು 1-0-1 ಎಂದು ಬರೆಯುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದೂ bd ಲೆಕ್ಕವೇ.

ಇಷ್ಟು ಕಲಿಯುವುದು ಐದು ನಿಮಿಷದ ಕೆಲಸ. ನಿಜವಾದ ತೊಡಕು ಕೈಬರಹದ್ದು, ಅದರಲ್ಲೂ od ಮತ್ತು bd ನಡುವಿನದು. ಅವಸರದಲ್ಲಿ ಬರೆದ b ಅಕ್ಷರದ ಮೇಲಿನ ಗೆರೆ ಗಿಡ್ಡವಾದರೆ ಅದು o ಆಗಿ ಕಾಣುತ್ತದೆ. ಒಂದು ಗೀಟಿನ ವ್ಯತ್ಯಾಸದಲ್ಲಿ ದಿನದ ಔಷಧ ಅರ್ಧವೋ ಇಮ್ಮಡಿಯೋ ಆಗಿಬಿಡುತ್ತದೆ. ಇದಕ್ಕೊಂದು ಉಪಾಯವಿದೆ: ಅದೇ ಚೀಟಿಯಲ್ಲಿ ಸ್ಪಷ್ಟವಾಗಿ ಓದಬಹುದಾದ ಬೇರೆ b ಅಥವಾ o ಹುಡುಕಿ ಹೋಲಿಸಿ. ಒಬ್ಬರ ಕೈಯ b ಸಾಮಾನ್ಯವಾಗಿ ಚೀಟಿಯುದ್ದಕ್ಕೂ ಒಂದೇ ಥರ ಇರುತ್ತದೆ.

ಇನ್ನೊಂದು ಜೋಡಿ qd ಮತ್ತು qid. qd ಎಂದರೆ ದಿನಕ್ಕೊಮ್ಮೆ, ನಡುವೆ ಒಂದು i ಸೇರಿದರೆ ನಾಲ್ಕು ಸಲ. q ಪಕ್ಕ ಪೆನ್ನಿನ ಚುಕ್ಕಿ ಬಿದ್ದರೂ i ಇದ್ದಂತೆ ಕಾಣುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ 'ಬಳಸಬಾರದ ಸಂಕ್ಷೇಪ'ಗಳ ಪಟ್ಟಿ ಹೊರಡಿಸಿದಾಗ qd ಅದರಲ್ಲಿತ್ತು. ವೈದ್ಯಲೋಕದವರೇ ಓದಿ ಎಡವಿದ್ದಾರೆ ಎಂದ ಮೇಲೆ ನಿಮಗೆ ಗೊತ್ತಾಗಲಿಲ್ಲವೆಂದು ಸಂಕೋಚಪಡುವ ಅಗತ್ಯವಿಲ್ಲ.

ಕಣ್ಣಿಗೆ ಹಾಕುವ ಹನಿಯ ಸಾಲಿನಲ್ಲಿ od ಕಂಡರೆ ಮಾತ್ರ ತಡೆಯಿರಿ. ಕಣ್ಣಿನ ವೈದ್ಯರ ಬರಹದಲ್ಲಿ ಅದಕ್ಕೆ 'ಬಲಗಣ್ಣು' ಎಂಬ ಅರ್ಥವೂ ಇದೆ. ಆ ಸಾಲಿನಲ್ಲಿ od ಆದಮೇಲೆ ಇನ್ನೊಂದು bd ಅಥವಾ tds ಇದ್ದರೆ ಮೊದಲನೆಯದು ಕಣ್ಣಿನ ಗುರುತು, ಎರಡನೆಯದು ಎಷ್ಟು ಸಲ ಎಂಬುದು. od ಒಂದೇ ಇದ್ದರೆ ಕೇಳದೆ ಹನಿ ಹಾಕಬೇಡಿ.

3. ಸಲಗಳನ್ನು ಗಡಿಯಾರಕ್ಕೆ ಇಳಿಸಿ

"tds ಅಂದರೆ ಮೂರು ಹೊತ್ತಿನ ಊಟದ ಜೊತೆ ತಾನೆ?" ಎಂಬ ಪ್ರಶ್ನೆ ಆಗಾಗ ಬರುತ್ತದೆ. ಅಕ್ಷರ ಹೇಳುವುದು ಮೂರು ಸಲ ಎಂದಷ್ಟೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ನುಂಗಿದರೂ ಮೂರು ಸಲವೇ ಆಯಿತು. ಆದರೆ ಆಮೇಲೆ ಮರುದಿನದವರೆಗೆ ಹದಿನಾರು ಗಂಟೆ ಖಾಲಿ.

ಅದು ಯಾಕೆ ತೊಂದರೆ ಎಂಬುದಕ್ಕೆ ಅಮಾಕ್ಸಿಸಿಲಿನ್ ನೋಡಿ. ಈ ಆ್ಯಂಟಿಬಯಾಟಿಕ್ ರಕ್ತ ಸೇರಿದ ಮೇಲೆ ಸುಮಾರು ಒಂದು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಏಳೆಂಟು ಗಂಟೆ ಕಳೆಯುವ ಹೊತ್ತಿಗೆ ಉಳಿಯುವುದು ಅತ್ಯಲ್ಪ. ಅದಕ್ಕೇ ಅದನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ, ಅಂತರವೂ ಆದಷ್ಟು ಸಮವಾಗಿರಬೇಕಾಗುತ್ತದೆ. ಶೀತ-ಅಲರ್ಜಿಗೆ ಕೊಡುವ ಸೆಟಿರಿಜಿನ್ ಅರ್ಧವಾಗಲು ಸುಮಾರು ಎಂಟು ಗಂಟೆ ಬೇಕು, ಅದಕ್ಕೆ ದಿನಕ್ಕೊಂದು ಸಾಕು. ಅಂದರೆ tds, od ಎಂಬುದನ್ನು ಕಾಯಿಲೆಯ ಜೋರು ನೋಡಿ ಮಾತ್ರ ಬರೆಯುವುದಿಲ್ಲ. ಔಷಧ ಮೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ನೋಡಿಯೇ ಬರೆಯುವುದು. "ನನಗೆ ಜಾಸ್ತಿ ಇಲ್ಲ, ಎರಡು ಸಲ ತಗೊಂಡರೆ ಸಾಕು" ಎಂಬ ಲೆಕ್ಕ ತಪ್ಪಾಗುವುದು ಇದರಿಂದಲೇ.

ಹಾಗೆಂದು ನಡುರಾತ್ರಿ ಅಲಾರಂ ಇಟ್ಟು ಏಳಬೇಕಾಗಿಲ್ಲ. tds ಇದ್ದರೆ ಎದ್ದ ಸ್ವಲ್ಪ ಹೊತ್ತಿಗೆ, ಮಧ್ಯಾಹ್ನ, ಮಲಗುವ ಮುಂಚೆ ಎಂದು ಹಂಚಿ. ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 10 ಎಂದರೆ ಅಂತರ ಏಳು, ಎಂಟು, ಒಂಬತ್ತು ಗಂಟೆ. ಅದು ಚೆನ್ನಾಗಿಯೇ ಇದೆ. bd ಇದ್ದರೆ ಬೆಳಿಗ್ಗೆ 8, ರಾತ್ರಿ 8ರ ಸುಮಾರಿಗೆ. od ಇದ್ದರೆ ದಿನವೂ ಒಂದೇ ಹೊತ್ತಿಗೆ. ಚೀಟಿಯಲ್ಲಿ tds ಬದಲು q8h ಅಥವಾ q6h ಎಂದಿದ್ದರೆ ಮಾತು ಬೇರೆ. ಅದು 'ಎಂಟು ಗಂಟೆಗೊಮ್ಮೆ', 'ಆರು ಗಂಟೆಗೊಮ್ಮೆ' ಎಂದು ಗಡಿಯಾರವನ್ನೇ ಹಿಡಿದು ಹೇಳಿದ ಸೂಚನೆ, ಆಗ ರಾತ್ರಿಯ ಡೋಸಿಗೆ ಏಳಬೇಕೋ ಬೇಡವೋ ಎಂದು ವೈದ್ಯರನ್ನೇ ಕೇಳಿಕೊಳ್ಳಿ.

4. hs: ರಾತ್ರಿ ಅಲ್ಲ, ಮಲಗುವ ಹೊತ್ತು

'ಹೋರಾ ಸೋಮ್ನಿ', ನಿದ್ದೆಯ ವೇಳೆ. ದಿನಕ್ಕೆ ಒಂದೇ ಸಲ, ಮಲಗುವ ಮುಂಚೆ. ಸಾಮಾನ್ಯವಾಗಿ ತೂಕಡಿಕೆ ತರುವ ಔಷಧಗಳಿಗೆ hs ಬರೆಯುತ್ತಾರೆ, ಹಗಲು ತೆಗೆದುಕೊಂಡು ಗಾಡಿ ಓಡಿಸುವುದು ಬೇಡ ಎಂದು. ರಾತ್ರಿ ಪಾಳಿಯಲ್ಲಿ ದುಡಿದು ಬೆಳಿಗ್ಗೆ ಎಂಟಕ್ಕೆ ಮಲಗುವವರಿದ್ದಾರೆ. ಅವರು hs ನೋಡಿ ರಾತ್ರಿ ಹತ್ತಕ್ಕೆ ಮಾತ್ರೆ ನುಂಗಿ ಕೆಲಸಕ್ಕೆ ಹೋದರೆ ಸೂಚನೆ ತಲೆಕೆಳಗಾಯಿತು. ಅವರ ಪಾಲಿನ hs ಬೆಳಿಗ್ಗೆ. ಇದನ್ನು ವೈದ್ಯರಿಗೆ ಮೊದಲೇ ಹೇಳಿದರೆ ಒಳ್ಳೆಯದು, ಏಕೆಂದರೆ ಕೆಲವು ಔಷಧಗಳನ್ನು ನಿದ್ದೆಯ ಕಾರಣಕ್ಕಲ್ಲ, ರಾತ್ರಿಯ ಹೊತ್ತೇ ಬೇಕೆಂದು ಬರೆದಿರುತ್ತಾರೆ. ನಡುವೆ ಎಚ್ಚರವಾಗಿ ಮತ್ತೆ ಮಲಗುವಾಗ ಇನ್ನೊಂದು ನುಂಗುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ, ಆದರೂ ಕೇಳಿದವರಿದ್ದಾರೆ.

5. sos: ಅತಿ ಚಿಕ್ಕ ಪದ, ಅತಿ ಹೆಚ್ಚು ಪ್ರಶ್ನೆ

ಹಡಗಿನವರು ಅಪಾಯದಲ್ಲಿ ಕಳಿಸುವ ಸಂಕೇತಕ್ಕೂ ಇದಕ್ಕೂ ನಂಟಿಲ್ಲ. 'ಸಿ ಓಪುಸ್ ಸಿತ್', ಅಂದರೆ 'ಬೇಕಾದರೆ'. ಜ್ವರ ಬಂದರೆ ತೆಗೆದುಕೊಳ್ಳಿ, ನೋವಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ. ಇದೇ ಅರ್ಥಕ್ಕೆ prn ಎಂದೂ ಬರೆಯುತ್ತಾರೆ.

ಅಕ್ಷರ ಇಲ್ಲಿಗೆ ನಿಲ್ಲುತ್ತದೆ, ನಿಮಗೆ ಬೇಕಾದ ವಿಷಯ ಇಲ್ಲಿಂದ ಶುರುವಾಗುತ್ತದೆ. ಯಾವ ತೊಂದರೆಗೆ? ಒಂದು ತೆಗೆದುಕೊಂಡು ಕಡಿಮೆಯಾಗದಿದ್ದರೆ ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯಬೇಕು? ದಿನಕ್ಕೆ ಹೆಚ್ಚೆಂದರೆ ಎಷ್ಟು? ಎಷ್ಟು ದಿನ ಹೀಗೇ ನಡೆದರೆ ಮತ್ತೆ ತೋರಿಸಬೇಕು? sos ಎಂಬ ಮೂರಕ್ಷರದಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ sos ಕಂಡರೆ ಈ ನಾಲ್ಕನ್ನು ಅಲ್ಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ನನ್ನ ಮಟ್ಟಿಗೆ, ಬರಿಯ sos ಎಂದು ಬರೆದು ಬಿಟ್ಟ ಸಾಲು ಅರ್ಧ ಬರೆದ ಸಾಲು.

ಪ್ಯಾರಾಸಿಟಮಾಲ್ 500 ಮಿ.ಗ್ರಾಂ sos ಎಂದಿದೆ ಎನ್ನಿ. ಆರೋಗ್ಯವಂತ ವಯಸ್ಕರಿಗೆ ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ ಇರಬೇಕು, 24 ಗಂಟೆಯಲ್ಲಿ ಒಟ್ಟು 4 ಗ್ರಾಂ, ಅಂದರೆ ಇಂಥ ಎಂಟು ಮಾತ್ರೆ, ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ಮೈತೂಕ ತೀರಾ ಕಡಿಮೆ ಇರುವವರಿಗೆ ಮಿತಿ ಇನ್ನೂ ಕೆಳಗೆ. ಮಕ್ಕಳಿಗಂತೂ ತೂಕ ನೋಡಿಯೇ ಲೆಕ್ಕ. ಈಗ ಅದೇ ಚೀಟಿಯಲ್ಲಿ ಶೀತಕ್ಕೆಂದು ಇನ್ನೊಂದು ಮಾತ್ರೆ tds ಇದೆ, ಅದರೊಳಗೂ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಬೆರೆತಿದೆ. ಶೀತದ ಮಾತ್ರೆಗಳಲ್ಲಿ ಇದು ಸಾಮಾನ್ಯ. ದಿನಕ್ಕೆ ಮೂರರಂತೆ ಅದರಿಂದಲೇ 1,500 ಮಿ.ಗ್ರಾಂ ಹೋಯಿತು. sosಗೆ ಉಳಿದದ್ದು 2,500, ಅಂದರೆ ಐದು ಮಾತ್ರೆ. ಎಂಟೆಂದು ತಿಳಿದು ನುಂಗಿದರೆ ಮಿತಿ ದಾಟುತ್ತದೆ, ಯಕೃತ್ತಿಗೆ ಪೆಟ್ಟು ಬೀಳಬಹುದು, ಅದೂ ಮೊದಲ ದಿನ ಏನೂ ಗೊತ್ತಾಗದಂತೆ. ಅದಕ್ಕೇ sos ಮಾತ್ರೆ ಮುಟ್ಟುವ ಮೊದಲು ಉಳಿದ ಸ್ಟ್ರಿಪ್ಪುಗಳ ಹಿಂದಿನ ಸಣ್ಣಕ್ಷರ ಓದಿ. ಅಸಿಟಮಿನೋಫೆನ್ ಎಂದಿದ್ದರೂ ಅದು ಪ್ಯಾರಾಸಿಟಮಾಲೇ.

sos ತಿರುಗಿ ಬೀಳುವ ಇನ್ನೊಂದು ದಾರಿಯೂ ಇದೆ. ಕೆಲವರು ಎಲ್ಲ ಔಷಧವನ್ನೂ ಮನಸ್ಸಿನಲ್ಲೇ sos ಮಾಡಿಕೊಳ್ಳುತ್ತಾರೆ: ಜ್ವರ ಬಿಟ್ಟಿತು, ಆ್ಯಂಟಿಬಯಾಟಿಕ್ ಕೂಡ ಬಿಟ್ಟೆವು ಎಂದು. ಸಾಲಿನಲ್ಲಿ sos ಅಥವಾ prn ಇಲ್ಲದೆ ದಿನಗಳ ಲೆಕ್ಕ ಇದ್ದರೆ ಅಷ್ಟು ದಿನವೂ ತೆಗೆದುಕೊಳ್ಳಬೇಕು.

6. ಊಟ ಮತ್ತು ದಿನ

ac ಎಂದರೆ ಊಟಕ್ಕೆ ಮೊದಲು, pc ಎಂದರೆ ಊಟದ ನಂತರ. a ಮೊದಲು ಬರುವ ಅಕ್ಷರ, ಹಾಗಾಗಿ 'ಮೊದಲು' ಎಂದು ನೆನಪಿಟ್ಟುಕೊಳ್ಳಬಹುದು.

ದಿನಗಳನ್ನು ×5d ಎಂದು ಬರೆದರೆ ಯಾರಿಗೂ ಅರ್ಥವಾಗುತ್ತದೆ. ಗೊಂದಲ ಹುಟ್ಟಿಸುವುದು 5/7 ಎಂಬ ಬರಹ. ಇದು ತಾರೀಖಲ್ಲ, ಜುಲೈ ಐದೂ ಅಲ್ಲ. ವಾರದಲ್ಲಿ ಏಳು ದಿನ, ಅದರ ಪ್ರಕಾರ ಐದು ದಿನ ಎಂಬುದು ಹಳೆಯ ರೂಢಿ. ಅದೇ ಲೆಕ್ಕದಲ್ಲಿ 2/52 ಎಂದರೆ ಎರಡು ವಾರ (ವರ್ಷಕ್ಕೆ 52 ವಾರ), 3/12 ಎಂದರೆ ಮೂರು ತಿಂಗಳು. ಕೆಳಗಿನ ಅಂಕಿ ನೋಡಿದರೆ ಮೇಲಿನದು ದಿನವೋ ವಾರವೋ ತಿಂಗಳೋ ತಿಳಿಯುತ್ತದೆ.

ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧಗಳೂ ಇವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದ್ದು. ಇದನ್ನು ತಪ್ಪಿ ದಿನವೂ ನುಂಗಿ ಸತ್ತವರಿದ್ದಾರೆ. ಆ ಹೆಸರು ಚೀಟಿಯಲ್ಲಿದ್ದು ಪಕ್ಕದಲ್ಲಿ od ಎಂದು ಓದಿದಂತಾದರೆ ಒಂದನ್ನೂ ನುಂಗುವ ಮೊದಲು ವೈದ್ಯರಿಗೆ ಫೋನ್ ಮಾಡಿ.

7. ಎಣಿಸಿ ತಾಳೆ ನೋಡಿ

ಓದಿದ್ದು ಸರಿಯೇ ಎಂದು ತಿಳಿಯಲು ಗುಣಾಕಾರ ಸಾಕು: ಒಂದು ಸಲಕ್ಕೆ ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಬಂದ ಉತ್ತರ ಬಿಲ್ಲಿನಲ್ಲಿರುವ ಮಾತ್ರೆಗಳ ಸಂಖ್ಯೆಗೆ ಹೊಂದಬೇಕು. ಒಂದು ಚೀಟಿಯನ್ನು ಹೀಗೆ ನೋಡೋಣ.

```
Tab Pantoprazole 40 mg   od ac   5/7
Cap Amoxicillin 500 mg   tds pc  5/7
Tab Cetirizine 10 mg     hs      3/7
Tab Paracetamol 500 mg   sos
```

ಮೊದಲ ಸಾಲಿನ ಹೊಟ್ಟೆಯುರಿಯ ಮಾತ್ರೆ ದಿನಕ್ಕೊಮ್ಮೆ, ಊಟಕ್ಕೆ ಮೊದಲು, ಐದು ದಿನ: ಒಟ್ಟು ಐದು. ಎರಡನೆಯದು ಮೂರು ಸಲ ಐದು ದಿನ: ಹದಿನೈದು ಕ್ಯಾಪ್ಸೂಲ್. ಮೂರನೆಯದು ಮಲಗುವಾಗ ಮೂರು ದಿನ: ಮೂರು. ಕೊನೆಯದಕ್ಕೆ ಲೆಕ್ಕವಿಲ್ಲ, ಎಷ್ಟು ಕೊಟ್ಟರೋ ಅಷ್ಟು.

ಬಿಲ್ಲು ನೋಡಿದರೆ ಕ್ಯಾಪ್ಸೂಲ್ ಹದಿನೈದು, ಸೆಟಿರಿಜಿನ್ ಮೂರು ಇವೆ. ಆದರೆ ಪ್ಯಾಂಟೊಪ್ರಜೋಲ್ ಹತ್ತು ಕೊಟ್ಟಿದ್ದಾರೆ. ನಾವು od ಎಂದು ಓದಿದ್ದನ್ನು ಅಂಗಡಿಯವರು bd ಎಂದು ಓದಿದರೇ? ಇಡೀ ಹತ್ತರ ಸ್ಟ್ರಿಪ್ಪೇ ಕೊಟ್ಟರೇ? ಎರಡೂ ಆಗಿರಬಹುದು. ಇಲ್ಲಿ ಒಂದು ಮಾತು ಗಮನಿಸಿ: ಬಿಲ್ಲಿನ ಸಂಖ್ಯೆ ಹೇಳುವುದು ಅಂಗಡಿಯವರು ಹೇಗೆ ಓದಿದರು ಎಂಬುದನ್ನು, ವೈದ್ಯರು ಏನು ಬರೆದರು ಎಂಬುದನ್ನಲ್ಲ. ಅವರೂ ನಿಮ್ಮಂತೆಯೇ ಆ ಗೀಟನ್ನು ನೋಡಿ ತೀರ್ಮಾನಿಸಿದವರು. ಹಾಗಾಗಿ ಲೆಕ್ಕ ತಾಳೆಯಾದರೆ ಇಬ್ಬರ ಓದು ಒಂದೇ ಎಂದಾಯಿತು, ಅಷ್ಟೆ. ತಾಳೆಯಾಗದಿದ್ದರೆ ಒಬ್ಬರು ತಪ್ಪಿರಬಹುದು, ವಿಚಾರಿಸಲೇಬೇಕು. ವೈದ್ಯರೇ ಸಾಲಿನ ಕೊನೆಗೆ #10 ಎಂದು ಸಂಖ್ಯೆ ಬರೆದಿದ್ದರೆ ಮಾತ್ರ ಅದು ಅವರ ಬಾಯಿಂದ ಬಂದ ಸಾಕ್ಷಿ.

ಈ ಚೀಟಿಯ ದಿನ ಹೀಗಿರುತ್ತದೆ: ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಪ್ಯಾಂಟೊಪ್ರಜೋಲ್, ತಿಂಡಿಯಾದ ಮೇಲೆ ಮೊದಲ ಕ್ಯಾಪ್ಸೂಲ್, ಮಧ್ಯಾಹ್ನದ ಊಟದ ನಂತರ ಎರಡನೆಯದು, ರಾತ್ರಿ ಊಟದ ನಂತರ ಮೂರನೆಯದು, ಹಾಸಿಗೆಗೆ ಹೋಗುವಾಗ ಸೆಟಿರಿಜಿನ್. ಪ್ಯಾರಾಸಿಟಮಾಲ್ ಪಕ್ಕಕ್ಕಿರಲಿ, ಜ್ವರ ಬಂದರೆ ಮಾತ್ರ, ತೆಗೆದುಕೊಂಡ ಗಂಟೆಯನ್ನು ಚೀಟಿಯ ಅಂಚಿನಲ್ಲಿ ಬರೆದು. ಒಂದು ಡೋಸ್ ಮರೆತರೆ ಮುಂದಿನ ಸಲ ಎರಡನ್ನು ಒಟ್ಟಿಗೆ ನುಂಗಿ ಸರಿದೂಗಿಸಬೇಡಿ.

8. ಕೇಳುವಾಗ ಉತ್ತರ ಬಾಯಿಗಿಡಬೇಡಿ

ಅನುಮಾನ ಬಂದಾಗ ಹೆಚ್ಚಿನವರು ಕೇಳುವುದು "ಇದು ಎರಡು ಸಲ ಅಲ್ವಾ?" ಎಂದು. ಗಡಿಬಿಡಿಯಲ್ಲಿರುವವರು "ಹ್ಞೂಂ" ಎನ್ನುತ್ತಾರೆ, ಅಲ್ಲಿಗೆ ನಿಮ್ಮ ಊಹೆಗೆ ಮುದ್ರೆ ಬಿತ್ತು. ಹಾಗೆ ಕೇಳದೆ, ಚೀಟಿ ತೋರಿಸಿ "ಇದನ್ನು ದಿನಕ್ಕೆ ಎಷ್ಟು ಸಲ ತಗೋಬೇಕು? ಯಾತಕ್ಕೆ ಕೊಟ್ಟಿದ್ದು?" ಎಂದು ಕೇಳಿ. ಆಗ ಅವರು ಸಾಲನ್ನು ತಿರುಗಿ ಓದಲೇಬೇಕಾಗುತ್ತದೆ. ಫೋನಿನಲ್ಲಾದರೆ ಅಕ್ಷರ ಹೇಳಬೇಡಿ, ಬಿ.ಐ.ಡಿ. ಮತ್ತು ಟಿ.ಐ.ಡಿ. ಕಿವಿಗೆ ಒಂದೇ ಥರ ಕೇಳಿಸುತ್ತವೆ. ಔಷಧದ ಪೂರ್ತಿ ಹೆಸರು, ಶಕ್ತಿ ಹೇಳಿ, ಬಂದ ಉತ್ತರವನ್ನು ನೀವೇ ಒಮ್ಮೆ ತಿರುಗಿ ಹೇಳಿ.

ಉತ್ತರ ಸಿಕ್ಕ ಕೂಡಲೇ ಸ್ಟ್ರಿಪ್ಪಿನ ಮೇಲೆ, ಅದು ಜಾರಿದರೆ ಒಂದು ಚೂರು ಕಾಗದ ಅಂಟಿಸಿ, 'ಬೆಳಿಗ್ಗೆ 1, ರಾತ್ರಿ 1, ಊಟದ ನಂತರ, 12ನೇ ತಾರೀಖಿನವರೆಗೆ' ಎಂದು ಕನ್ನಡದಲ್ಲೇ ಬರೆದಿಡಿ. ಔಷಧದ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾದ ಕಡೆಯನ್ನು ಮಾತ್ರ ಮುಚ್ಚಬೇಡಿ, ಸ್ಟ್ರಿಪ್ಪಿನಿಂದ ಮಾತ್ರೆ ಕತ್ತರಿಸಿಕೊಳ್ಳುವಾಗಲೂ ಆ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.